ಒಂದು ಮೊಡವೆಗೆ ಎರಡು ಔಷಧಿ ಯಾಕೆ?

ಭಾಗ 1/8: ಆ ಸಣ್ಣ ಟ್ಯೂಬ್

ನಮ್ಮ ಕ್ಲಾಸಲ್ಲಿ ಒಂದು ಟ್ಯೂಬ್ ಕೈಯಿಂದ ಕೈಗೆ ಓಡಾಡ್ತಿದೆ. ಬೆರಳುದ್ದದ್ದು, ಒಳಗೆ ನೀರಿನ ಹಾಗೆ ತಿಳಿಯಾದ ಜೆಲ್. "ಮೆಡಿಕಲ್ಸ್‌ಗೆ ಹೋಗಿ ಮೊಡವೆ ಜೆಲ್ ಕೊಡಿ ಅಂತ ಕೇಳು, ಅವರೇ ಕೊಡ್ತಾರೆ" ಅಂತ ಒಬ್ಬರು ಇನ್ನೊಬ್ಬರಿಗೆ ಹೇಳ್ತಾರೆ. ಅದರ ಮೇಲೆ ಬರೆದಿರೋದು ಕ್ಲಿಂಡಮೈಸಿನ್ 1%. ಅದು ಫೇಸ್ ಕ್ರೀಮ್ ಅಲ್ಲ, ಆಂಟಿಬಯಾಟಿಕ್. ಜ್ವರಕ್ಕೋ ಗಾಯಕ್ಕೋ ನುಂಗುವ ಆಂಟಿಬಯಾಟಿಕ್ ಮಾತ್ರೆಯ ಜಾತಿಯದ್ದೇ, ಹಚ್ಚೋ ರೂಪದಲ್ಲಿ ಬಂದಿದೆ ಅಷ್ಟೇ.

ನನಗೂ ಮೊಡವೆ ಇದೆ. ಹೋದ ವರ್ಷ ಸ್ಕಿನ್ ಡಾಕ್ಟರ್ ನನಗೆ ಬರೆದುಕೊಟ್ಟ ಟ್ಯೂಬಲ್ಲಿ ಕ್ಲಿಂಡಮೈಸಿನ್ ಜೊತೆಗೆ ಇನ್ನೊಂದು ಹೆಸರಿತ್ತು: ಬೆಂಝಾಯಿಲ್ ಪೆರಾಕ್ಸೈಡ್ 2.5%. "ಒಂದು ಮೊಡವೆಗೆ ಎರಡು ಔಷಧಿ ಯಾಕೆ ಡಾಕ್ಟ್ರೇ?" ಅಂತ ಕೇಳಿದೆ. ಅವರು ನಕ್ಕು, "ಒಂದು ಮೊಡವೆಗೆ, ಇನ್ನೊಂದು ಆ ಮೊದಲನೇ ಔಷಧಿಯನ್ನ ಕಾಪಾಡೋಕೆ ಕಣಮ್ಮಾ" ಅಂದ್ರು.

ಔಷಧಿಯನ್ನ ಕಾಪಾಡೋಕೆ ಇನ್ನೊಂದು ಔಷಧಿ. ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಹುಡುಕಿ ಹುಡುಕಿ ಓದಿದೆ, ಮುಂದಿನ ವಿಸಿಟಲ್ಲಿ ಡಾಕ್ಟರ್ ತಲೆ ತಿಂದೆ. ಈ ಎಂಟು ಪೋಸ್ಟ್‌ಗಳಲ್ಲಿ ಇರೋದು ಆ ಒಂದೇ ಮಾತಿನ ಅರ್ಥ. ಜೊತೆಗೆ ನಮ್ಮ ಹಾಸ್ಟೆಲಿನ ಒಬ್ಬ ಜೂನಿಯರ್ ಕಥೆನೂ ಇದೆ. ಅವಳೇ "ಬರಿ ಅಕ್ಕ, ಹೆಸರು ಮಾತ್ರ ಬೇಡ" ಅಂದಿದ್ದಾಳೆ.

ಭಾಗ 2/8: ಮೊಡವೆ ಒಳಗೆ ಯಾರಿದ್ದಾರೆ?

ಮುಖದ ಚರ್ಮದಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಒಂದೊಂದರ ಬುಡದಲ್ಲೂ ಎಣ್ಣೆ ತಯಾರಿಸೋ ಗ್ರಂಥಿ ಇದೆ. ನಮ್ಮ ವಯಸ್ಸಲ್ಲಿ ಹಾರ್ಮೋನಿನಿಂದಾಗಿ ಆ ಎಣ್ಣೆ ಜಾಸ್ತಿ ಬರುತ್ತೆ. ಸತ್ತ ಚರ್ಮದ ಪುಡಿ ಎಣ್ಣೆ ಜೊತೆ ಸೇರಿ ರಂಧ್ರದ ಬಾಯಿಗೆ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತೆ. ಒಳಗೆ ಗಾಳಿ ಕಡಿಮೆ, ಎಣ್ಣೆ ಜಾಸ್ತಿ.

ಇಂಥ ಜಾಗ ಅಂದ್ರೆ ಒಂದು ಬ್ಯಾಕ್ಟೀರಿಯಾಗೆ ಬಹಳ ಇಷ್ಟ. ಅದರ ಹೆಸರು ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್. ಹಳೇ ಪುಸ್ತಕಗಳಲ್ಲಿ ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್ ಅಂತಿರುತ್ತೆ, ಎರಡೂ ಒಂದೇ. ನಾನು ಇಲ್ಲಿ ಸಿ. ಆಕ್ನೆಸ್ ಅಂತೀನಿ. ಇದು ಹೊರಗಿಂದ ಬಂದ ಕಳ್ಳ ಅಲ್ಲ. ಮೊಡವೆ ಇಲ್ಲದವರ ಮುಖದಲ್ಲೂ ಇರುತ್ತೆ. ಮುಚ್ಚಿದ ರಂಧ್ರದಲ್ಲಿ ಇದು ಎಣ್ಣೆ ತಿಂದು ಹೆಚ್ಚಾದಾಗ ನಮ್ಮ ದೇಹದ ರಕ್ಷಣಾ ಕಣಗಳು ಅಲ್ಲಿಗೆ ಬಂದು ಜಗಳ ಶುರು ಮಾಡ್ತವೆ. ಕೆಂಪಾಗೋದು, ಊದೋದು, ಕೀವಾಗೋದು ಎಲ್ಲ ಆ ಜಗಳದ ಗುರುತು.

ಕ್ಲಿಂಡಮೈಸಿನ್ ಕೆಲಸ ಏನು ಅಂದ್ರೆ, ಬ್ಯಾಕ್ಟೀರಿಯಾ ಒಳಗಿನ ಪ್ರೋಟೀನ್ ತಯಾರಿಸೋ ಯಂತ್ರಕ್ಕೆ ಹೋಗಿ ಅಂಟಿಕೊಳ್ಳೋದು. ಆ ಯಂತ್ರದ ಹೆಸರು ರೈಬೋಸೋಮ್. ಅದು ನಿಂತರೆ ಪ್ರೋಟೀನ್ ಇಲ್ಲ, ಪ್ರೋಟೀನ್ ಇಲ್ಲದೆ ಬ್ಯಾಕ್ಟೀರಿಯಾ ಬೆಳೆಯೋಲ್ಲ. ಊತವನ್ನೂ ಈ ಔಷಧಿ ಸ್ವಲ್ಪ ಇಳಿಸುತ್ತೆ. ಹಾಗಾಗಿ ಮೊದಮೊದಲು ಚೆನ್ನಾಗೇ ಕೆಲಸ ಮಾಡುತ್ತೆ. ಮೋಸ ಹೋಗೋದು ಅಲ್ಲೇ.

ಭಾಗ 3/8: ಟೋಟಲ್ ನೋಡಿ ಮೋಸ ಹೋಗೋದು

ಬಿಕಾಂ ಓದೋರಿಗೆ ಇದು ಬೇಗ ಅರ್ಥ ಆಗುತ್ತೆ. ಟೋಟಲ್ ಮಾತ್ರ ನೋಡಿದ್ರೆ ಒಳಗಿನ ಬ್ರೇಕಪ್ ಕಾಣೋಲ್ಲ ಅಲ್ವಾ? ಹಾಗೆಯೇ ಇದು.

ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ನಾನು ಅರ್ಥ ಆಗ್ಲಿ ಅಂತ ಹಾಕಿಕೊಂಡಿದ್ದು, ಯಾರ ಮುಖದಲ್ಲೂ ಎಣಿಸಿದ್ದಲ್ಲ. ಕೆನ್ನೆಯ ಒಂದು ಮೂಲೆಯಲ್ಲಿ 1,00,000 ಸಿ. ಆಕ್ನೆಸ್ ಇವೆ ಅಂದುಕೊಳ್ಳಿ. ಅದರಲ್ಲಿ 10 ಮಾತ್ರ ಬೇರೆ ಥರ. ಅವುಗಳ ರೈಬೋಸೋಮಿನಲ್ಲಿ, ಕ್ಲಿಂಡಮೈಸಿನ್ ಅಂಟಿಕೊಳ್ಳುವ ಜಾಗದಲ್ಲೇ, ಒಂದು ಸಣ್ಣ ಬದಲಾವಣೆ ಆಗಿಬಿಟ್ಟಿದೆ. ಬೀಗ ಸ್ವಲ್ಪ ಬದಲಾಗಿದೆ, ಹಳೇ ಕೀ ಹೋಗೋಲ್ಲ. ಈ ಬದಲಾವಣೆಯನ್ನ ಜೆಲ್ ಮಾಡಿದ್ದಲ್ಲ. ಬ್ಯಾಕ್ಟೀರಿಯಾ ಒಂದು ಎರಡಾಗುವಾಗ ಅಪರೂಪಕ್ಕೆ ನಕಲು ತಪ್ಪುತ್ತೆ, ಅಷ್ಟೇ.

ಈಗ ಬರೀ ಕ್ಲಿಂಡಮೈಸಿನ್ ಹಚ್ಚಿ. ನಾಲ್ಕು ವಾರದಲ್ಲಿ ಸಾಮಾನ್ಯದವು 1,000ಕ್ಕೆ ಇಳಿದವು. ಆ 10 ಮಾತ್ರ ಆರಾಮಾಗಿ 100 ಆದವು. ಟೋಟಲ್ 1,100. ಕನ್ನಡಿಯಲ್ಲಿ ನೋಡಿದ್ರೆ ಮುಖ ಸೂಪರ್. ಎಂಟನೇ ವಾರಕ್ಕೆ ಸಾಮಾನ್ಯದವು 100, ಬಗ್ಗದವು 5,000. ಆದ್ರೂ ಶುರುವಿಗಿಂತ ಎಷ್ಟೋ ಕಡಿಮೆ, ಮುಖ ಇನ್ನೂ ಚೆನ್ನಾಗೇ ಇದೆ. ಹನ್ನೆರಡನೇ ವಾರಕ್ಕೆ ಬಗ್ಗದವೇ 80,000. ಮೊಡವೆ ವಾಪಸ್.

ಎಂಟನೇ ವಾರದ ಮುಖವನ್ನ ಇನ್ನೊಮ್ಮೆ ನೆನೆಸಿಕೊಳ್ಳಿ. ಹೊರಗೆ ಎಲ್ಲ ಸರಿ ಇದೆ, ಒಳಗೆ ಮಾತ್ರ ಮನೆ ಮಾಲೀಕರು ಬದಲಾಗಿದ್ದಾರೆ. ಸಾಮಾನ್ಯದವು ಸತ್ತು ಖಾಲಿಯಾದ ಜಾಗ, ಮಿಕ್ಕ ಎಣ್ಣೆ, ಎಲ್ಲ ಬಗ್ಗದವಕ್ಕೆ ಫ್ರೀಯಾಗಿ ಸಿಕ್ತು. ಜೆಲ್ ಅವನ್ನ ಹುಟ್ಟಿಸಲಿಲ್ಲ, ಅವುಗಳ ಪೈಪೋಟಿದಾರರನ್ನ ಮಾತ್ರ ತೆಗೆದುಹಾಕಿತು.

ಭಾಗ 4/8: ಎರಡನೇ ಔಷಧಿ ಬಂದು ಮಾಡೋದೇನು?

ಬೆಂಝಾಯಿಲ್ ಪೆರಾಕ್ಸೈಡ್ ಆಂಟಿಬಯಾಟಿಕ್ ಅಲ್ಲ. ಅದಕ್ಕೆ ಯಾವ ಬೀಗವೂ ಬೇಡ, ಕೀನೂ ಬೇಡ. ಎಣ್ಣೆಯಲ್ಲಿ ಕರಗುವ ಗುಣ ಇರೋದ್ರಿಂದ ಜಿಡ್ಡು ತುಂಬಿದ ರಂಧ್ರದೊಳಗೆ ಇಳಿಯುತ್ತೆ. ಅಲ್ಲಿ ಒಡೆದು ತುಂಬಾ ಚುರುಕಾದ ಆಮ್ಲಜನಕದ ಕಣಗಳನ್ನ ಬಿಡುತ್ತೆ. ಅವು ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನ ಒಂದಲ್ಲ, ಹತ್ತಾರು ಕಡೆ ಒಟ್ಟಿಗೆ ಹಾಳು ಮಾಡ್ತವೆ. ಗಾಳಿ ಕಡಿಮೆ ಇರೋ ಕಡೆ ಬದುಕೋ ಸಿ. ಆಕ್ನೆಸ್‌ಗೆ ಇದು ದೊಡ್ಡ ಪೆಟ್ಟು. ಜೊತೆಗೆ ರಂಧ್ರದ ಬಾಯಲ್ಲಿರೋ ಬಿರಡೆಯನ್ನೂ ಸ್ವಲ್ಪ ಸಡಿಲ ಮಾಡುತ್ತೆ.

ಒಂದೇ ಬೀಗ ಬದಲಾಯಿಸಿ ಇದರಿಂದ ತಪ್ಪಿಸಿಕೊಳ್ಳೋಕೆ ಆಗೋಲ್ಲ. ಅದಕ್ಕೇ ದಶಕಗಳಿಂದ ಬಳಸ್ತಿದ್ರೂ ಸಿ. ಆಕ್ನೆಸ್ ಬೆಂಝಾಯಿಲ್ ಪೆರಾಕ್ಸೈಡ್‌ಗೆ ಪ್ರತಿರೋಧ ಬೆಳೆಸಿಕೊಂಡ ವರದಿ ಇಲ್ಲ.

ಈಗ ನಮ್ಮ ಲೆಕ್ಕಕ್ಕೆ ವಾಪಸ್ ಬನ್ನಿ. ಎರಡನ್ನೂ ಒಟ್ಟಿಗೆ ಹಚ್ಚಿದ್ರೆ ಸಾಮಾನ್ಯದವಕ್ಕೆ ಎರಡು ಕಡೆಯಿಂದ ಏಟು, ಬಗ್ಗದ ಆ 10ಕ್ಕೂ ಒಂದು ಕಡೆಯಿಂದ ಏಟು. ಕ್ಲಿಂಡಮೈಸಿನ್‌ನಿಂದ ತಪ್ಪಿಸಿಕೊಂಡದ್ದು ಪೆರಾಕ್ಸೈಡ್ ಕೈಗೆ ಸಿಗುತ್ತೆ. 10 ಇದ್ದದ್ದು 100 ಆಗೋ ಬದಲು ಒಂದೋ ಎರಡೋ ಉಳಿಯುತ್ತೆ. ನಿಜವಾದ ಮುಖದಲ್ಲಿ ಲೆಕ್ಕ ಯಾವತ್ತೂ ಸೊನ್ನೆಗೆ ಬರೋಲ್ಲ, ಬರಬೇಕಾಗಿಯೂ ಇಲ್ಲ. ಬಗ್ಗದವಕ್ಕೆ ಸಿಗ್ತಿದ್ದ ಫ್ರೀ ಜಾಗ ಸಿಗದಿದ್ರೆ ಸಾಕು.

"ಎರಡು ಔಷಧಿ ಅಂದ್ರೆ ಪವರ್ ಡಬಲ್" ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಪರಿಣಾಮ ಸ್ವಲ್ಪ ಹೆಚ್ಚಾಗೋದು ನಿಜ. ಆದ್ರೆ ಮುಖ್ಯ ಕೆಲಸ ಅದಲ್ಲ. ಬಗ್ಗದ ಬ್ಯಾಕ್ಟೀರಿಯಾಗೆ ಸಿಗೋ ಲಾಭವನ್ನ ಕಿತ್ತುಕೊಳ್ಳೋದು ಮುಖ್ಯ ಕೆಲಸ. ಡಾಕ್ಟರ್ ಹೇಳಿದ "ಔಷಧಿಯನ್ನ ಕಾಪಾಡೋದು" ಅಂದ್ರೆ ಇದೇ.

ಭಾಗ 5/8: ಇದು ಬರೀ ಥಿಯರಿನಾ?

ಅಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೊಡವೆ ಚಿಕಿತ್ಸೆಗೆ ಬಂದವರ ಚರ್ಮದಿಂದ ಬ್ಯಾಕ್ಟೀರಿಯಾ ತೆಗೆದು ಹತ್ತು ವರ್ಷ ಪರೀಕ್ಷೆ ಮಾಡಿದ್ರು. ಮೊಡವೆಗೆ ಕೊಡೋ ಆಂಟಿಬಯಾಟಿಕ್‌ಗಳಲ್ಲಿ ಒಂದಕ್ಕಾದ್ರೂ ಬಗ್ಗದ ಬ್ಯಾಕ್ಟೀರಿಯಾ ಇದ್ದವರು 1991ರಲ್ಲಿ ನೂರಕ್ಕೆ ಸುಮಾರು 35 ಜನ. 1997ಕ್ಕೆ ಅದು 64 ಆಯ್ತು. ಆರೇ ವರ್ಷ.

2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತೆ. ಒಂದು ಗುಂಪಿಗೆ ಬರೀ ಕ್ಲಿಂಡಮೈಸಿನ್ ಜೆಲ್, ಇನ್ನೊಂದು ಗುಂಪಿಗೆ ಕ್ಲಿಂಡಮೈಸಿನ್ ಮತ್ತು ಬೆಂಝಾಯಿಲ್ ಪೆರಾಕ್ಸೈಡ್ ಸೇರಿದ ಜೆಲ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ನೋಡೋ ಡಾಕ್ಟರಿಗೂ ಗೊತ್ತಿಲ್ಲ. 16 ವಾರ ಆದ ಮೇಲೆ, ಬರೀ ಕ್ಲಿಂಡಮೈಸಿನ್ ಹಚ್ಚಿದವರಲ್ಲಿ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಶುರುವಿನ 16 ಪಟ್ಟಿಗಿಂತ ಜಾಸ್ತಿ ಆಗಿತ್ತು. ಎರಡೂ ಹಚ್ಚಿದವರಲ್ಲಿ ಶುರುವಿಗಿಂತ ಮೇಲೆ ಹೋಗಲಿಲ್ಲ.

"ಸರಿ, ಇದು ಕೆಲಸ ಮಾಡ್ದಿದ್ರೆ ಬೇರೆ ಆಂಟಿಬಯಾಟಿಕ್ ಜೆಲ್ ತಗೊಂಡ್ರಾಯ್ತು" ಅನ್ನಬಹುದು. ಮೊಡವೆಗೆ ಸಿಗೋ ಇನ್ನೊಂದು ಹಳೇ ಜೆಲ್ ಎರಿತ್ರೋಮೈಸಿನ್. ಅದು ಅಂಟಿಕೊಳ್ಳೋದೂ ರೈಬೋಸೋಮಿನ ಹೆಚ್ಚುಕಡಿಮೆ ಅದೇ ಜಾಗಕ್ಕೆ. ಅಲ್ಲಿನ ಬೀಗ ಬದಲಾಗಿದ್ರೆ ಸಾಮಾನ್ಯವಾಗಿ ಎರಡೂ ಕೀ ವೇಸ್ಟ್.

ಇನ್ನೊಂದು ವಿಷಯ. ಜೆಲ್ ಹಚ್ಚೋ ಜಾಗದಲ್ಲಿ ಸಿ. ಆಕ್ನೆಸ್ ಮಾತ್ರ ಇರೋಲ್ಲ. ಸ್ಟ್ಯಾಫಿಲೋಕಾಕಸ್ ಅನ್ನೋ ಬೇರೆ ಗುಂಪಿನ ಬ್ಯಾಕ್ಟೀರಿಯಾಗಳೂ ಚರ್ಮದ ಮೇಲಿವೆ, ಅವೂ ಇದೇ ಪಾಠ ಕಲೀತವೆ. ಚರ್ಮದ, ಮೂಳೆಯ ಗಂಭೀರ ಸೋಂಕಾಗಿ ಆಸ್ಪತ್ರೆಗೆ ಸೇರಿದವರಿಗೆ ಮಾತ್ರೆಯಾಗಿ, ಇಂಜೆಕ್ಷನ್ ಆಗಿ ಕೊಡೋದೂ ಇದೇ ಕ್ಲಿಂಡಮೈಸಿನ್ನು. ಬಗ್ಗದ ಸಿ. ಆಕ್ನೆಸ್ ಒಬ್ಬರಿಂದ ಮನೆಯವರ ಚರ್ಮಕ್ಕೂ ದಾಟುತ್ತೆ ಅಂತ ಯೂರೋಪಿನ ಅಧ್ಯಯನಗಳಲ್ಲಿ ಕಂಡುಬಂದಿದೆ. ನನ್ನ ಮುಖ, ನನ್ನಿಷ್ಟ ಅಂತ ಬಿಡೋ ಹಾಗಿಲ್ಲ.

ಭಾಗ 6/8: ಜೂನಿಯರ್ ಕಥೆ

ಜುಲೈನಲ್ಲಿ ಹಾಸ್ಟೆಲಿಗೆ ಬಂದಾಗ ಅವಳ ಎರಡೂ ಕೆನ್ನೆ, ಗದ್ದದ ಮೇಲೆ ಕೆಂಪು ಗುಳ್ಳೆ. ಒಂದು ಮೆಡಿಕಲ್ ಶಾಪಲ್ಲಿ ಕೇಳಿದ್ದಕ್ಕೆ ಕ್ಲಿಂಡಮೈಸಿನ್ ಜೆಲ್ ಕೊಟ್ರು. ಚೀಟಿ ಇಲ್ಲ, ಎಷ್ಟು ದಿನ ಅಂತಾನೂ ಇಲ್ಲ. ಆಗಸ್ಟ್ ಕೊನೆಗೆ ಮುಖ ಎಷ್ಟು ತಿಳಿಯಾಯ್ತು ಅಂದ್ರೆ ರೂಮಲ್ಲಿ ಎಲ್ಲರೂ ಜೆಲ್ ಹೆಸರು ಬರ್ಕೊಂಡ್ರು. ಅವಳು ಊರಲ್ಲಿರೋ ತಂಗಿಗೂ ಒಂದು ಟ್ಯೂಬ್ ಕಳಿಸಿದಳು.

ಅಕ್ಟೋಬರಲ್ಲಿ ಒಂದೊಂದೇ ವಾಪಸ್ ಬಂದವು. ಜೆಲ್ ಬಿಟ್ಟಿರಲಿಲ್ಲ, ದಿನಾ ಹಚ್ತಿದ್ದಳು. ಸಾಲದು ಅಂತ ದಿನಕ್ಕೆ ಮೂರು ಸಲ ಮಾಡಿದಳು. ದೀಪಾವಳಿಗೆ ಊರಿಗೆ ಹೋದಾಗ ನೆಂಟರೆಲ್ಲ "ಏನಾಯ್ತೇ ಮುಖಕ್ಕೆ?" ಅಂತ ಕೇಳಿ ಕೇಳಿ, ಅವಳು ಫೋಟೋಗೆ ನಿಲ್ಲೋದನ್ನೇ ಬಿಟ್ಟಳು. ಕ್ಲಾಸಲ್ಲೂ ಮಾಸ್ಕ್. ಜನವರಿಯಲ್ಲಿ ಪ್ರೆಸೆಂಟೇಷನ್ ದಿನ ಕಾಲೇಜಿಗೇ ಬರಲಿಲ್ಲ. ಅವತ್ತು ಸಂಜೆ ನಾನೇ ಅವಳನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋದೆ.

ಡಾಕ್ಟರ್ ಮೊದಲು ಕೇಳಿದ್ದು ಮೂರು ಪ್ರಶ್ನೆ. ಎಷ್ಟು ದಿನದಿಂದ? ಇದರ ಜೊತೆ ಬೇರೇನಾದ್ರೂ ಹಚ್ತಿದ್ದೀಯಾ? ಮೊದಲು ಕಡಿಮೆ ಆಗಿ ಆಮೇಲೆ ಬಂತಾ, ಅಥವಾ ಶುರುವಿಂದಲೂ ಕಡಿಮೆನೇ ಆಗಿಲ್ವಾ? ಮೊದಲು ಚೆನ್ನಾಗಿ ಕಡಿಮೆಯಾಗಿ, ತಪ್ಪದೆ ಹಚ್ತಿದ್ರೂ ವಾಪಸ್ ಬರೋದು ಪ್ರತಿರೋಧದ ಅನುಮಾನ ಹುಟ್ಟಿಸೋ ಗುರುತಂತೆ. "ಲ್ಯಾಬ್ ಟೆಸ್ಟ್ ಮಾಡದೆ ಖಂಡಿತ ಹೌದು ಅನ್ನೋಕಾಗಲ್ಲ, ಮೊಡವೆಗೆ ಆ ಟೆಸ್ಟ್ ನಾವು ಮಾಮೂಲಾಗಿ ಮಾಡಿಸೋದೂ ಇಲ್ಲ. ಆದ್ರೆ ಆರು ತಿಂಗಳು ಒಂಟಿ ಕ್ಲಿಂಡಮೈಸಿನ್ ಅಂದ್ರೆ ಇನ್ನು ಅದನ್ನ ನಂಬೋದು ಬೇಡ" ಅಂದ್ರು. ಬೇರೆ ಕಾರಣಗಳನ್ನೂ ನೋಡಿದ್ರು. ತುರಿಕೆ ಇದ್ಯಾ, ಗುಳ್ಳೆ ಎಲ್ಲ ಒಂದೇ ಸೈಜಾ ಅಂತ ಕೇಳಿದ್ರು, ಯಾಕಂದ್ರೆ ಹಾಗಿದ್ರೆ ಅದು ಫಂಗಸ್ ಇರಬಹುದು. ಬೆಳ್ಳಗಾಗೋ ಕ್ರೀಮ್ ಏನಾದ್ರೂ ಹಚ್ಚಿದ್ಯಾ ಅಂತಾನೂ ಕೇಳಿದ್ರು, ಅವುಗಳಲ್ಲಿ ಕೆಲವದರಲ್ಲಿ ಸ್ಟೀರಾಯ್ಡ್ ಇದ್ದು ಅದೇ ಮೊಡವೆ ತರುತ್ತೆ. ತಿಂಗಳ ಮುಟ್ಟು ಸರಿಯಾಗಿ ಆಗ್ತಿದ್ಯಾ ಅಂತ ಕೇಳಿದ್ದು ಹಾರ್ಮೋನ್ ತೊಂದರೆ ತಿಳಿಯೋಕೆ.

ಇವ್ಯಾವೂ ಇರಲಿಲ್ಲ. ಆಂಟಿಬಯಾಟಿಕನ್ನ ಪೂರ್ತಿ ನಿಲ್ಲಿಸಿದ್ರು. ಬೆಳಗ್ಗೆ ಬೆಂಝಾಯಿಲ್ ಪೆರಾಕ್ಸೈಡ್ 2.5%, ರಾತ್ರಿ ಅಡಾಪಲೀನ್ 0.1%. ಅಡಾಪಲೀನ್ ಬ್ಯಾಕ್ಟೀರಿಯಾನ ಕೊಲ್ಲೋದಲ್ಲ, ರಂಧ್ರದ ಬಾಯಿಗೆ ಬಿರಡೆ ಕಟ್ಟದ ಹಾಗೆ ನೋಡಿಕೊಳ್ಳೋದು. ಮೊದಲ ಎರಡು ವಾರ ಚರ್ಮ ಒಣಗಿ ಸಿಪ್ಪೆ ಎದ್ದಿತು, ಆಗ ದಿನ ಬಿಟ್ಟು ದಿನ ಹಚ್ಚಿದಳು. ಆರನೇ ವಾರದ ಹೊತ್ತಿಗೆ ಹೊಸ ಗುಳ್ಳೆ ಬರೋದು ಕಡಿಮೆಯಾಯ್ತು. ಹನ್ನೆರಡನೇ ವಾರಕ್ಕೆ ಒಂದೆರಡು ಬಿಟ್ರೆ ಇಲ್ಲ. ಕಪ್ಪು ಕಲೆಗಳು ಇನ್ನೂ ಇವೆ. ಅವು ಹೋಗೋಕೆ ತಿಂಗಳುಗಟ್ಟಲೆ ಬೇಕು, ಸನ್‌ಸ್ಕ್ರೀನ್ ಬೇಕು. ತಂಗಿಗೆ ಕಳಿಸಿದ ಟ್ಯೂಬನ್ನ ಫೋನ್ ಮಾಡಿ ನಿಲ್ಲಿಸಿದಳು.

ಭಾಗ 7/8: ಟ್ಯೂಬ್ ಹಿಂದೆ ತಿರುಗಿಸಿ ಓದಿ

ಈಗ ನಿಮ್ಮ ಟ್ಯೂಬ್ ತಗೊಳ್ಳಿ. ಮುಂದೆ ದೊಡ್ಡದಾಗಿ ಬರೆದಿರೋ ಬ್ರಾಂಡ್ ಹೆಸರು ಬಿಡಿ, ಕಾಂಪೊಸಿಷನ್ ಅಂತ ಸಣ್ಣಕ್ಷರದಲ್ಲಿ ಇರೋದನ್ನ ಓದಿ.

ಬರೀ ಕ್ಲಿಂಡಮೈಸಿನ್ 1% ಅಂತಿದ್ರೆ ಅದು ಒಂಟಿ. ಜೊತೆಗೆ ಬೇರೆ ಬೆಂಝಾಯಿಲ್ ಪೆರಾಕ್ಸೈಡ್ ಜೆಲ್ ಡಾಕ್ಟರ್ ಬರೆದಿದ್ರೆ ಸರಿ, ಇಲ್ಲದಿದ್ರೆ ಕೇಳಿ. ಕ್ಲಿಂಡಮೈಸಿನ್ ಮತ್ತು ಬೆಂಝಾಯಿಲ್ ಪೆರಾಕ್ಸೈಡ್ ಎರಡೂ ಇದ್ರೆ, ನಾನು ಇಷ್ಟು ಹೊತ್ತು ಹೇಳಿದ ಜೋಡಿ ಅದು.

ಕಣ್ಣು ತಪ್ಪೋದು ಮೂರನೇ ಥರದಲ್ಲಿ. ನಮ್ಮಲ್ಲಿ ಕ್ಲಿಂಡಮೈಸಿನ್ ಜೊತೆ ನಿಕೋಟಿನಮೈಡ್ ಸೇರಿಸಿದ ಜೆಲ್‌ಗಳು, ಅಡಾಪಲೀನ್ ಸೇರಿಸಿದವು ಸಿಗ್ತವೆ. "ಇದೂ ಕಾಂಬಿನೇಷನ್ನೇ ಅಲ್ವಾ?" ಅಂತ ನನ್ನ ಫ್ರೆಂಡ್ ಕೇಳಿದಳು. ಕಾಂಬಿನೇಷನ್ ಹೌದು, ಆದ್ರೆ ಆ ಜೋಡಿ ಅಲ್ಲ. ನಿಕೋಟಿನಮೈಡ್ ಊತ ಇಳಿಸುತ್ತೆ, ಅಡಾಪಲೀನ್ ಬಿರಡೆ ತಡೆಯುತ್ತೆ. ಬಗ್ಗದ ಬ್ಯಾಕ್ಟೀರಿಯಾನ ನೇರವಾಗಿ ಕೊಲ್ಲೋ ಕೆಲಸ ಎರಡೂ ಮಾಡೋಲ್ಲ. ಟ್ಯೂಬಲ್ಲಿ ಎರಡು ಹೆಸರಿದ್ದ ಮಾತ್ರಕ್ಕೆ ಕ್ಲಿಂಡಮೈಸಿನ್‌ಗೆ ಕಾವಲು ಸಿಕ್ಕಿತು ಅಂತಲ್ಲ. ಅದರ ಜೊತೆಗೂ ಬೆಂಝಾಯಿಲ್ ಪೆರಾಕ್ಸೈಡ್ ಬೇಕಾಗುತ್ತೆ.

ಇದು ನನ್ನ ಸ್ವಂತ ಅಭಿಪ್ರಾಯ ಅಲ್ಲ. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ 2024ರ ಮಾರ್ಗಸೂಚಿ, ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿ, ಎರಡೂ ಮೊಡವೆಗೆ ಹಚ್ಚೋ ಆಂಟಿಬಯಾಟಿಕನ್ನ ಒಂಟಿಯಾಗಿ ಬಳಸಬೇಡಿ ಅಂತಲೇ ಹೇಳ್ತವೆ.

ಭಾಗ 8/8: ಹಚ್ಚೋದು, ನಿಲ್ಲಿಸೋದು

ಡಾಕ್ಟರ್ ನನಗೆ ಹೇಳಿಕೊಟ್ಟದ್ದು ಇಷ್ಟು. ಮುಖ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಜೆಲ್. ಅದನ್ನ ಗುಳ್ಳೆ ಮೇಲೆ ಚುಕ್ಕಿ ಇಡೋದಲ್ಲ, ಮೊಡವೆ ಬರೋ ಜಾಗಕ್ಕೆಲ್ಲ ತೆಳುವಾಗಿ ಸವರೋದು. ಇವತ್ತು ಕಾಣದ ರಂಧ್ರದಲ್ಲೇ ನಾಳಿನ ಮೊಡವೆ ತಯಾರಾಗ್ತಿರುತ್ತೆ. ಕಣ್ಣು, ತುಟಿ, ಮೂಗಿನ ಮೂಲೆ ಬಿಟ್ಟು ಹಚ್ಚಬೇಕು.

ಬೆಂಝಾಯಿಲ್ ಪೆರಾಕ್ಸೈಡ್ 2.5, 5, 10 ಹೀಗೆ ಬರುತ್ತೆ. 10 ತಗೊಂಡ್ರೆ ಬೇಗ ಹೋಗುತ್ತೆ ಅನ್ನೋದು ಸುಳ್ಳು. ಕೆಂಪು ಗುಳ್ಳೆ ಇಳಿಸೋದ್ರಲ್ಲಿ 2.5 ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತೆ, ಉರಿ ಕಡಿಮೆ. ಶುರುವಲ್ಲಿ ಒಣಗೋದು, ಸ್ವಲ್ಪ ಚುರುಗುಟ್ಟೋದು ಮಾಮೂಲು. ಆಗ ಬಿಟ್ಟುಬಿಡೋ ಬದಲು ದಿನ ಬಿಟ್ಟು ದಿನ ಹಚ್ಚಿ, ಮೇಲೆ ಸಾದಾ ಮಾಯಿಶ್ಚರೈಸರ್. ಆದ್ರೆ ಕಣ್ಣುರೆಪ್ಪೆ ಊದಿಕೊಂಡ್ರೆ, ಮುಖವೆಲ್ಲ ತುರಿಸಿ ದಪ್ಪಗಾದ್ರೆ ಅದು ಅಲರ್ಜಿ. ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮೊದಲು ಯಾವಾಗಾದ್ರೂ ಆಂಟಿಬಯಾಟಿಕ್‌ನಿಂದ ಕರುಳಿನ ತೊಂದರೆ, ಜೋರು ಭೇದಿ ಆಗಿದ್ರೆ ಕ್ಲಿಂಡಮೈಸಿನ್ ಶುರು ಮಾಡೋ ಮೊದಲೇ ಹೇಳಬೇಕು.

ಬಟ್ಟೆ ಬಗ್ಗೆ ಒಂದು ಮಾತು. ಈ ಪೆರಾಕ್ಸೈಡ್ ಬಣ್ಣ ತಿನ್ನುತ್ತೆ. ನನ್ನ ನೀಲಿ ಟವೆಲ್ ಮೇಲೆ ಈಗ ಕಿತ್ತಳೆ ಬಣ್ಣದ ಮ್ಯಾಪ್ ಇದೆ. ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಇಟ್ಟುಕೊಳ್ಳಿ.

ಎಷ್ಟು ದಿನ? ಆರರಿಂದ ಎಂಟು ವಾರ ಆಗದೆ ಕೆಲಸ ಮಾಡ್ತಿದೆಯೋ ಇಲ್ವೋ ಅಂತ ತೀರ್ಮಾನ ಮಾಡೋಕಾಗಲ್ಲ. ಸುಮಾರು ಹನ್ನೆರಡು ವಾರಕ್ಕೆ ಡಾಕ್ಟರ್ ಮತ್ತೆ ನೋಡಬೇಕು. ಮುಖ ತಿಳಿಯಾಗಿದ್ರೆ ಆಂಟಿಬಯಾಟಿಕ್ ಇರೋ ಟ್ಯೂಬ್ ನಿಲ್ಲುತ್ತೆ, ಬೆಂಝಾಯಿಲ್ ಪೆರಾಕ್ಸೈಡ್ ಅಥವಾ ಅಡಾಪಲೀನ್ ಮಾತ್ರ ಮುಂದುವರಿಯುತ್ತೆ. ನನಗೂ ಹಾಗೇ ಮಾಡಿದ್ರು. ಜೋಡಿ ಇದ್ರೂ ವರ್ಷಗಟ್ಟಲೆ ಆಂಟಿಬಯಾಟಿಕ್ ಹಚ್ಚೋ ಹಾಗಿಲ್ಲ. ಪೆರಾಕ್ಸೈಡ್ ಕಾವಲುಗಾರ ಹೌದು, ಆದ್ರೆ ಎಲ್ಲ ರಂಧ್ರದ ತಳಕ್ಕೂ ಎಲ್ಲ ದಿನವೂ ಒಂದೇ ಸಮನಾಗಿ ತಲುಪೋಲ್ಲ.

ಈ ಜೋಡಿಗೂ ಮಿತಿ ಇದೆ. ಚರ್ಮದ ಆಳದಲ್ಲಿ ಗಟ್ಟಿಯಾಗಿ, ಮುಟ್ಟಿದ್ರೆ ನೋಯೋ ಗಂಟುಗಳಿದ್ರೆ, ಗುಳಿ ಬೀಳ್ತಿದ್ರೆ ಯಾವ ಜೆಲ್ಲೂ ಸಾಲೋಲ್ಲ. ಅಲ್ಲಿ ಕಾಯೋ ಒಂದೊಂದು ತಿಂಗಳೂ ಉಳಿದುಹೋಗೋ ಕಲೆ. ನೇರ ಡಾಕ್ಟರ್ ಹತ್ರ ಹೋಗಿ.

ನಿಮ್ಮ ಟ್ಯೂಬಿನ ಕಾಂಪೊಸಿಷನ್ ಕಾಮೆಂಟಲ್ಲಿ ಬರೀರಿ, ಬ್ರಾಂಡ್ ಹೆಸರು ಬೇಡ. ಅದು ಒಂಟಿನಾ, ಜೋಡಿನಾ ಅಂತ ಒಟ್ಟಿಗೆ ಓದೋಣ. ಯಾವುದು ಹಚ್ಚಬೇಕು ಅಂತ ಮಾತ್ರ ನಾನು ಹೇಳಲ್ಲ, ಅದು ನಿಮ್ಮ ಮುಖ ನೋಡಿದ ಡಾಕ್ಟರ್ ಹೇಳಬೇಕಾದ ಮಾತು.

#ಮೊಡವೆ #ಕ್ಲಿಂಡಮೈಸಿನ್ #ಟ್ಯೂಬ್_ತಿರುಗಿಸಿ_ಓದಿ